ಬೋರ್ ನೀರಿನ ವರದಿ: ಕಣ್ಣಿಗೆ ಕಾಣದ್ದನ್ನು ಮೊದಲು ಓದಿ

ಚನ್ನರಾಯನದುರ್ಗದ ಸುತ್ತಿನ ಊರೊಂದರ ಮನೆಗೆ ಬೋರ್ ನೀರಿನ ಪರೀಕ್ಷಾ ವರದಿ ಬಂತು ಎಂದುಕೊಳ್ಳಿ. ಲೀಟರಿಗೆ ಇಂತಿಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ನೈಟ್ರೇಟ್ 14, ಫ್ಲೋರೈಡ್ 1.8, ಕಬ್ಬಿಣ 0.6. ಮಿತಿಯ ಕಾಲಂನಲ್ಲಿ ನೈಟ್ರೇಟಿಗೆ 45, ಕಬ್ಬಿಣಕ್ಕೆ 0.3 ಎಂದಿದೆ. ಕಬ್ಬಿಣ ದುಪ್ಪಟ್ಟಾಯಿತೆಂದು ಮನೆಯವರಿಗೆ ಗಾಬರಿ, ನೈಟ್ರೇಟ್ ಕಡಿಮೆಯಿದೆಯೆಂದು ಸಮಾಧಾನ. ಎರಡೂ ತಪ್ಪು.

ನೈಟ್ರೇಟಿನ ಸಾಲಿನಲ್ಲಿ ಅಂಕಿಯ ಪಕ್ಕದ ಸಣ್ಣಕ್ಷರ ನೋಡಬೇಕು. ಅಲ್ಲಿ NO3 ಎಂದಿದ್ದರೆ ಮಿತಿ 45. ಬರೀ N, ಅಂದರೆ ಸಾರಜನಕದ ಲೆಕ್ಕವೆಂದಿದ್ದರೆ ಅಂಕಿಯನ್ನು 4.43ರಿಂದ ಗುಣಿಸಿ ಆಮೇಲೆ ಹೋಲಿಸಬೇಕು. ನಮ್ಮ ವರದಿಯಲ್ಲಿರುವುದು N. 14 ಈಗ 62 ಆಯಿತು, ಮಿತಿ ದಾಟಿತು. ಇದು ಬರುವುದು ಸಾಮಾನ್ಯವಾಗಿ ಮೇಲಿನಿಂದ: ಶೌಚದ ಗುಂಡಿ, ತಿಪ್ಪೆ, ಹೊಲಕ್ಕೆ ಹಾಕಿದ ಯೂರಿಯಾ. ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸಿಗೆ ಇದು ಅಪಾಯ; ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಫ್ಲೋರೈಡ್ ಬರುವುದು ಕೆಳಗಿನಿಂದ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಎಲ್ಲವೂ ಗ್ರಾನೈಟ್, ನೈಸ್ ಬಂಡೆಯ ಸೀಮೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕ ಒಪ್ಪುವುದು 1.0, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸೈ. 1.8 ಕುಡಿಯಲು, ಅಡುಗೆಗೆ ಬೇಡ. ಹಲ್ಲು ಮೂಡುವ ವಯಸ್ಸಿನ ಮಕ್ಕಳಲ್ಲಿ ಮೊದಲು ಕಾಣುವುದು ಹಲ್ಲಿನ ಮೇಲಿನ ಬಿಳಿ, ಕಂದು ಕಲೆ.

ಇನ್ನು ಕಬ್ಬಿಣ. 0.3 ಹಳೆಯ ಮಿತಿ. 2015ರ ತಿದ್ದುಪಡಿಯ ನಂತರ ಅದು 1.0. ಹಳೆಯ ನಮೂನೆಯಲ್ಲೇ ಅಚ್ಚಾಗುವ ವರದಿಗಳು ಸುಮ್ಮನೆ ಹೆದರಿಸುತ್ತವೆ. 0.6 ಇದ್ದರೆ ಬಿಂದಿಗೆಯಲ್ಲಿ ಕೆಂಪು ಕೂರಬಹುದು, ಬಟ್ಟೆಗೆ ಕಲೆಯಾಗಬಹುದು, ಬಾಯಿಗೆ ಒಗರು, ಆರೋಗ್ಯಕ್ಕೆ ಆತಂಕವಿಲ್ಲ. ಅದೂ ತುಕ್ಕು ಹಿಡಿದ ಕೇಸಿಂಗ್ ಪೈಪಿನದೇ ಇರಬಹುದು. ಮೋಟಾರು ಹಾಕಿದೊಡನೆ ಹಿಡಿದ ನೀರಲ್ಲಿ ಕಬ್ಬಿಣ ಹೆಚ್ಚಿದ್ದು, ಹತ್ತು ನಿಮಿಷ ಹರಿಸಿ ಹಿಡಿದದ್ದರಲ್ಲಿ ಇಳಿದರೆ ದೋಷ ಪೈಪಿನದು.

ಮಾದರಿ ಹಿಡಿಯುವುದೂ ಹಾಗೆಯೇ: ಸಂಪಿನಿಂದ ಬೇಡ, ಬೋರಿನ ಬಾಯಿಂದಲೇ, ಹರಿಸಿದ ಮೇಲೆ, ಶುಚಿಯಾದ ಪ್ಲಾಸ್ಟಿಕ್ ಬಾಟಲಿಗೆ. ತಂಪಾಗಿಟ್ಟು ಮರುದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ತಡವಾದರೆ ಸೂಕ್ಷ್ಮಜೀವಿಗಳು ನೈಟ್ರೇಟಿನ ಅಂಕಿಯನ್ನೇ ಬದಲಿಸುತ್ತವೆ. ಕಬ್ಬಿಣಕ್ಕೆ ಆಮ್ಲ ಹಾಕಿದ ಬೇರೆ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಕೇಳಿ ತರಬೇಕು.

ಕಬ್ಬಿಣವಾದರೆ ನೀರನ್ನು ಗಾಳಿಗೊಡ್ಡಿ, ತಿಳಿಯಾಗಲು ಬಿಟ್ಟು, ಮರಳಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ಉಳಿದೆರಡಕ್ಕೆ ಕುದಿಸುವುದು ಮದ್ದಲ್ಲ: ನೀರು ಆವಿಯಾಗಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಅಲ್ಯೂಮಿನಾ ಫಿಲ್ಟರ್ ಫ್ಲೋರೈಡನ್ನು ತಡೆಯುತ್ತದೆ, ನೈಟ್ರೇಟನ್ನಲ್ಲ. ಎರಡೂ ಇರುವ ಈ ಮನೆಗೆ ಬೇಕಾದದ್ದು ಆರ್‌ಒ ನೀರು ಅಥವಾ ಸೋಸಿ ಹಿಡಿದ ಮಳೆನೀರು. ಅದೂ ಕುಡಿಯಲು, ಅಡುಗೆಗೆ ಮಾತ್ರ. ಸ್ನಾನಕ್ಕೆ, ಪಾತ್ರೆಗೆ ಬೋರ್ ನೀರೇ ಸಾಕು.