ಕಬಡ್ಡಿ ಅಂಕಣ: ಮೂಲೆ ಸರಿಯಾದರೆ ಮುಕ್ಕಾಲು ಕೆಲಸ ಮುಗೀತು

ಮೂಡಲಪಾಳ್ಯದಲ್ಲಿ ಖಾಲಿ ಜಾಗ ಸಿಕ್ಕಿದೆ, ಭಾನುವಾರ ಕಬಡ್ಡಿ ಪಂದ್ಯ. ಅಂಕಣ ಹಾಕೋಣ ಬನ್ನಿ.

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12 ಕ್ಕೆ 8. ಇವತ್ತು ಪುರುಷರದ್ದು.

ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತೆ. ಅದಕ್ಕೇ ಅಳತೆಗೆ ಟೇಪು, ಗೆರೆಗೆ ಮಾತ್ರ ಹಗ್ಗ.

ನಾಲ್ಕು ಮೂಲೆಗೂ ಗೂಟ ಹೊಡೆದು, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಕಡೆ 16 ಮೀಟರ್ 40 ಸೆಂಟಿಮೀಟರ್ ಬರಲೇಬೇಕು. ಒಂದು ಕಡೆ 16.60, ಇನ್ನೊಂದು ಕಡೆ 16.20 ಬಂತಾ? ಅಂಕಣ ವಾಲಿದೆ. ಒಂದು ತುದಿಯ ಎರಡೂ ಗೂಟಗಳನ್ನು ಒಟ್ಟಿಗೆ, ಉದ್ದ ಬಂದ ಅಳತೆ ಕಡಿಮೆಯಾಗುವ ಕಡೆಗೆ ಸರಿಸಿ, ಮತ್ತೆ ಅಳೆಯಿರಿ. ಕಣ್ಣಂದಾಜು ಇಲ್ಲಿ ನಡೆಯಲ್ಲ.

ಈಗ ಒಳಗಿನ ಗೆರೆ. ಎರಡೂ ಪಕ್ಕ 1 ಮೀಟರ್ ಲಾಬಿ. ಉದ್ದದ ನಡುವೆ, ಆರೂವರೆ ಮೀಟರಿಗೆ ಮಧ್ಯರೇಖೆ. ಅಲ್ಲಿಂದ 3.75 ಮೀಟರಿಗೆ ಬಾಕ್ ಲೈನ್, ಅದರಾಚೆ 1 ಮೀಟರಿಗೆ ಬೋನಸ್ ಲೈನ್. ಇನ್ನೊಂದು ಅಂಗಳಕ್ಕೂ ಹೀಗೇ.

ಗಡಿಗೆರೆಯೂ ಅಂಕಣದ ಭಾಗವೇ. ಹಾಗಾಗಿ ಹೊರಗಿನ ಹಗ್ಗದ ಒಳಮಗ್ಗುಲಿಗೆ ಪುಡಿ ಹಾಕಿ, ಅಗಲ 3 ರಿಂದ 5 ಸೆಂಟಿಮೀಟರ್. ಆಮೇಲೆ ಹಗ್ಗ, ಗೂಟ ಎಲ್ಲ ಕಿತ್ತುಬಿಡಿ.

ಸುಟ್ಟ ಸುಣ್ಣ ಮಾತ್ರ ಬೇಡವೇ ಬೇಡ. ಬೆವರು ತಾಗಿದರೆ ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕಬಡ್ಡಿಯಲ್ಲಿ ಹುಡುಗರು ಗೆರೆ ಮೇಲೇ ಮುಖ ಕೆಳಗಾಗಿ ಬೀಳ್ತಾರೆ. ಸೀಮೆಸುಣ್ಣದ ಪುಡಿಯನ್ನೇ ತನ್ನಿ.