ಗೇಟಿನ ನೋಟ್‌ಬುಕ್ಕಿನಿಂದ ಹುಟ್ಟಿದ ಕೈಪಿಡಿ

ಪೀಣ್ಯದಲ್ಲಿ ನಾನು ಆಡಳಿತ ನೋಡಿಕೊಳ್ಳುವ ಕಾರ್ಖಾನೆಗೆ ಹೊಸಬರು ಸೇರುವುದು ಸಾಮಾನ್ಯವಾಗಿ ಸೋಮವಾರ. ಸೇರಿದ ದಿನವೇ ಅವರ ಕೈಗೆ ಒಂದು ಪುಸ್ತಕ ಕೊಡುತ್ತಿದ್ದೆವು. ನಲವತ್ತಾರು ಪುಟ. ಮೊದಲ ಪುಟದಲ್ಲಿ ಮಾಲೀಕರ ಫೋಟೊ, ಆಮೇಲೆ ಕಂಪನಿ ಬೆಳೆದು ಬಂದ ದಾರಿ, ಧ್ಯೇಯೋದ್ದೇಶ. ರಜೆ ಹಾಕುವುದು ಹೇಗೆ ಎಂಬುದು ಮೂವತ್ತೊಂದನೇ ಪುಟದಲ್ಲಿ. ಬರೆದವನು ನಾನೇ ಆದ್ದರಿಂದ ಬೈಯುವ ಹಕ್ಕೂ ನನಗಿದೆ. ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಹುಡುಗರು ಗೇಟಿಗೆ ಹೋಗಿ ಸೆಕ್ಯುರಿಟಿಯವರನ್ನು ಕೇಳುತ್ತಿದ್ದರು: “ಅಣ್ಣಾ, ಟಾಯ್ಲೆಟ್ ಎಲ್ಲಿ?”

ಆ ಸೆಕ್ಯುರಿಟಿಯವರೇ ಒಂದು ದಿನ ನನ್ನನ್ನು ತಡೆದು, “ಸಾರ್, ನಿಮ್ಮ ಆಫೀಸಿನ ಅರ್ಧ ಕೆಲಸ ನಾನು ಮಾಡ್ತಾ ಇದೀನಿ, ಅರ್ಧ ಸಂಬಳನಾದ್ರೂ ಕೊಡ್ಸಿ” ಎಂದರು. ಸಂಬಳದ ಬದಲು ಒಂದು ನೋಟ್‌ಬುಕ್ ಕೊಟ್ಟೆ. ಹೊಸಬರು ಏನು ಕೇಳಿದರೂ ಅವರ ಬಾಯಿಂದ ಬಂದ ಹಾಗೆಯೇ ಬರೆದಿಡಿ, ಒಂದು ತಿಂಗಳು ಸಾಕು ಎಂದೆ. ತಿಂಗಳ ಕೊನೆಗೆ ಅರವತ್ತಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. “ಸಂಬಳ ಯಾವತ್ತು ಆಗುತ್ತೆ?” “ಬೆರಳು ತಗೊಳ್ತಿಲ್ಲ, ಆಬ್ಸೆಂಟ್ ಬೀಳುತ್ತಾ?” “ಊರಲ್ಲಿ ಸಾವಾಗಿದೆ, ಯಾರಿಗೆ ಹೇಳಿ ಹೋಗ್ಲಿ?” “ಆಧಾರ್ ಒರಿಜಿನಲ್ ಇಟ್ಕೊಂಡಿದಾರೆ, ವಾಪಸ್ ಕೊಡ್ತಾರಾ?” ಕಂಪನಿ ಯಾವ ವರ್ಷ ಶುರುವಾಯಿತು ಎಂದು ಒಬ್ಬನೂ ಕೇಳಿರಲಿಲ್ಲ.

ಹೊಸ ಕೈಪಿಡಿಯನ್ನು ಆ ನೋಟ್‌ಬುಕ್ಕಿನಿಂದ ಕಟ್ಟಿದೆವು. ಹನ್ನೆರಡು ಪುಟ, ಜೇಬಿನಲ್ಲಿ ಹಿಡಿಯುವ ಅಳತೆ. ಮೊದಲ ಪುಟದ ತಲೆಬರಹ ‘ಯಾರನ್ನು ಕೇಳಬೇಕು?’ ಹಳೆಯದರಲ್ಲೂ ಸಂಪರ್ಕದ ಪಟ್ಟಿ ಇತ್ತು, ಆದರೆ ಅದು ವಿಭಾಗಗಳ ಪಟ್ಟಿ: ಮಾನವ ಸಂಪನ್ಮೂಲ, ಲೆಕ್ಕಪತ್ರ, ನಿರ್ವಹಣೆ. ಬೆರಳು ತೆಗೆದುಕೊಳ್ಳದ ಮಷೀನು ಇದರಲ್ಲಿ ಯಾರ ಪಾಲಿಗೆ ಬರುತ್ತದೆ ಎಂದು ಸೇರಿ ಎರಡು ದಿನವಾದವನಿಗೆ ಹೇಗೆ ಗೊತ್ತಾಗಬೇಕು? ಈಗ ಎಡಗಡೆ ಅವನದೇ ಪ್ರಶ್ನೆ, ಬಲಗಡೆ ಉತ್ತರ ಹೇಳುವವರ ಹೆಸರು, ಕೂರುವ ಜಾಗ, ಫೋನ್ ನಂಬರ್. ಪ್ರತಿ ಪ್ರಶ್ನೆಗೂ ಎರಡು ಹೆಸರು. ಎರಡನೆಯ ಹೆಸರಿಲ್ಲದಿದ್ದರೆ ಮೊದಲನೆಯವರು ರಜೆ ಹಾಕಿದ ದಿನ ಹುಡುಗ ಮತ್ತೆ ಗೇಟಿಗೇ ಹೋಗುತ್ತಾನೆ. ಪುಟದ ಕೆಳಗೆ ತಾರೀಖು ಇರಬೇಕು, ಏಕೆಂದರೆ ಎಲ್ಲಕ್ಕಿಂತ ಬೇಗ ಹಳಸುವುದು ಈ ಪುಟವೇ. ನಮ್ಮ ಹಳೆಯ ಪುಸ್ತಕದಲ್ಲಿದ್ದ ಅಪಘಾತದ ನಂಬರಿಗೆ ಫೋನ್ ಮಾಡಿದರೆ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ತಿಪಟೂರಿನಲ್ಲಿ ತೋಟ ನೋಡಿಕೊಂಡಿದ್ದವರು ಎತ್ತುತ್ತಿದ್ದರು.

ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಬಂದದ್ದು ಸಂಬಳದ ಪ್ರಶ್ನೆ. ‘ಪ್ರತಿ ತಿಂಗಳು 7ರೊಳಗೆ’ ಎಂದು ನೇಮಕಾತಿ ಪತ್ರದಲ್ಲಿರುತ್ತದೆ. ಹಾಜರಿಯ ತಿಂಗಳು ಬೇರೆ, ಕ್ಯಾಲೆಂಡರಿನ ತಿಂಗಳು ಬೇರೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ನಮ್ಮಲ್ಲಿ ಹಾಜರಿ ಎಣಿಸುವುದು 21ನೇ ತಾರೀಖಿನಿಂದ ಮುಂದಿನ ತಿಂಗಳ 20ರವರೆಗೆ. ಲೆಕ್ಕಕ್ಕೆ ಸುಲಭವಾಗಲೆಂದು ತಿಂಗಳಿಗೆ 18,000 ಸಂಬಳದ ಒಬ್ಬನನ್ನು ಇಟ್ಟುಕೊಳ್ಳಿ: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000, ಮನೆ ಬಾಡಿಗೆ ಭತ್ಯೆ 3,000. ಅವನು 12ನೇ ತಾರೀಖು ಸೇರಿದರೆ 20ರವರೆಗೆ ಸಿಗುವುದು ಒಂಬತ್ತು ದಿನ. ಮೂವತ್ತು ದಿನದ ಲೆಕ್ಕದಲ್ಲಿ 5,400 ರೂಪಾಯಿ. ಅದರಲ್ಲಿ ಮೂಲ ವೇತನದ ಪಾಲು 4,500, ಅದರ ಶೇ. 12 ಭವಿಷ್ಯ ನಿಧಿಗೆ, ಅಂದರೆ 540. ಇಎಸ್‌ಐಗೆ 5,400ರ ಮೇಲೆ ಶೇ. 0.75, ಅಂದರೆ 41. ಮುಂದಿನ ತಿಂಗಳು 7ನೇ ತಾರೀಖು ಖಾತೆಗೆ ಬರುವುದು 4,819 ರೂಪಾಯಿ.

ಹದಿನೆಂಟು ಸಾವಿರ ಎಂದು ಊರಿನಲ್ಲಿ ಹೇಳಿ ಬಂದವನು, ಪಿಜಿಗೆ ಅಡ್ವಾನ್ಸ್ ಕಟ್ಟಿದವನು, ನಾಲ್ಕು ವಾರ ಕಾದ ಮೇಲೆ ಈ ಮೊತ್ತದ ಮೆಸೇಜು ನೋಡಿದರೆ ಏನೆಂದುಕೊಳ್ಳುತ್ತಾನೆ? ಮೋಸವಾಯಿತು ಎಂದು. ಹಾಗೆಂದುಕೊಂಡು 8ನೇ ತಾರೀಖು ಹೇಳದೆ ಕೇಳದೆ ಹೋದವರನ್ನು ನಾನು ನೋಡಿದ್ದೇನೆ. ಹಾಗಾಗಿ ಈಗ ಮೊದಲ ದಿನವೇ ಲೆಕ್ಕ ಬಿಡಿಸಿ, ಕೈಗೆ ಬರುವ ಮೊತ್ತವನ್ನು ಅವನ ಕೈಪಿಡಿಯಲ್ಲಿ ಪೆನ್ನಿನಿಂದ ಬರೆದುಕೊಡುತ್ತೇವೆ. ಉಳಿದ ಹನ್ನೊಂದು ಪುಟ ಕಳೆದುಕೊಂಡರೂ ಆ ಪುಟವನ್ನು ಯಾರೂ ಕಳೆದುಕೊಂಡಿಲ್ಲ.

ಇನ್ನು ಕಾಗದಪತ್ರ. ಮೊದಲ ದಿನ ಸಹಿ ಹಾಕಿಸುವ ಫಾರಂಗಳಲ್ಲಿ ಒಂದು, ಈ ಮೊದಲು ಭವಿಷ್ಯ ನಿಧಿಯ ಸದಸ್ಯನಾಗಿದ್ದೆಯಾ ಎಂದು ಕೇಳುತ್ತದೆ. ಎಲ್ಲರೂ ‘ಇಲ್ಲ’ ಎನ್ನುತ್ತಾರೆ. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಗೊತ್ತಿರುವುದಿಲ್ಲ. ಸಿರಾ ಕಡೆಯ ಹುಡುಗನೊಬ್ಬ ನಮ್ಮಲ್ಲಿಗೆ ಬರುವ ಮೊದಲು ಗೋದಾಮೊಂದರಲ್ಲಿ ಐದು ತಿಂಗಳು ಕಾಂಟ್ರ್ಯಾಕ್ಟರ್ ಕೈಕೆಳಗೆ ದುಡಿದಿದ್ದ. ಅಲ್ಲಿ ಪಿಎಫ್ ಹಿಡಿದಿದ್ದರು, ಅವನಿಗೆ ಹನ್ನೆರಡು ಅಂಕಿಯ ಯುಎಎನ್ ನಂಬರೂ ಆಗಿತ್ತು. ಆದರೆ ಹೆಸರು ಆಧಾರಿಗೆ ಹೊಂದದೆ ಜೋಡಣೆ ಆಗಿರಲಿಲ್ಲ. ನಾವು ಇನ್ನೊಂದು ನಂಬರ್ ಮಾಡಿಸಿದೆವು. ಒಬ್ಬನಿಗೆ ಜೀವಮಾನಕ್ಕೆ ಇರಬೇಕಾದ್ದು ಒಂದೇ ಯುಎಎನ್. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಹಳೆಯ ತಿಂಗಳುಗಳು ಬೇರೆ ನಂಬರಿನಲ್ಲಿ ಕುಳಿತರೆ ಎಣಿಕೆಗೆ ಬರುವುದಿಲ್ಲ. ಹಳೆಯದನ್ನು ಹೊಸದಕ್ಕೆ ತರಿಸುವಷ್ಟರಲ್ಲಿ ನಮಗೂ ಅವನಿಗೂ ಸಾಕುಸಾಕಾಯಿತು.

ಆದ್ದರಿಂದ ಈಗ ‘ಪಿಎಫ್ ಇತ್ತಾ?’ ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ‘ಹಿಂದೆ ಎಲ್ಲಾದರೂ ಸಂಬಳದಲ್ಲಿ ಹಿಡೀತಿದ್ರಾ? ಫೋನಿಗೆ EPFOHO ಅಂತ ಮೆಸೇಜು ಬಂದಿತ್ತಾ?’ ಎಂದು ಕೇಳುತ್ತೇವೆ. ಹೀಗೆ ಕೇಳಿದರೆ ನೆನಪಾಗುತ್ತದೆ. ಹೆಸರಿನ ತಕರಾರಂತೂ ನಮ್ಮ ಕಡೆ ಮಾಮೂಲು. ಆಧಾರಿನಲ್ಲಿ ‘ಮಂಜುನಾಥ ಎಚ್’, ಪ್ಯಾನಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ‘ಮಂಜುನಾಥ’. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ನೋಡಿ, ಆಮೇಲೆ ಕಂಪ್ಯೂಟರಿಗೆ ಹಾಕಬೇಕು. ನೋಡಿದ ಮೇಲೆ ಒರಿಜಿನಲ್‌ಗಳನ್ನು ಅಲ್ಲೇ ವಾಪಸ್ ಕೊಡಬೇಕು, ಜೆರಾಕ್ಸ್ ಮಾತ್ರ ನಮ್ಮ ಹತ್ತಿರ.

ಇಎಸ್‌ಐ ನೋಂದಣಿ ಮಾತ್ರ ನಾಳೆಗೆ ಬಿಡುವಂಥದ್ದಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಅನ್ವಯ. ಕಾಯಿಲೆ ಬಿದ್ದಾಗ ಸಿಗುವ ನಗದು ಭತ್ಯೆಗೆ 78 ದಿನದ ವಂತಿಗೆ ಕಟ್ಟಿರಬೇಕು, ಆದರೆ ಕೆಲಸದಲ್ಲಿ ಗಾಯವಾದರೆ ಆ ಷರತ್ತಿಲ್ಲ, ಮೊದಲ ದಿನದಿಂದಲೇ ರಕ್ಷಣೆ ಇದೆ. ಗಾಯವಾದ ಮೇಲೆ ನೋಂದಾಯಿಸಲು ಹೋದರೆ ಇಲ್ಲದ ಪ್ರಶ್ನೆಗಳು ಏಳುತ್ತವೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ತನಗೆ ಪೀಣ್ಯದ ಡಿಸ್ಪೆನ್ಸರಿ ಬರೆಸಿದವನು ಊರಿನಲ್ಲಿರುವ ಮನೆಯವರಿಗೆ ಅವರ ಹತ್ತಿರದ ಡಿಸ್ಪೆನ್ಸರಿಯನ್ನು ಬೇರೆಯಾಗಿ ಬರೆಸಬಹುದು. ಸಿರಾದ ಹುಡುಗನಿಗೆ ಕೈಪಿಡಿಯಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಈ ಸಾಲು ಎಂದು ಅವನೇ ಹೇಳಿದ.

ಮೊದಲ ವಾರದ ಕೆಲಸಗಳನ್ನು ದಿನವಾರು ಬರೆದಿದ್ದೇವೆ, ಆದರೆ ಮೊದಲನೆಯದು ಆ ವಾರಕ್ಕೂ ಮುಂಚಿನದು: ಶೂ ಸೈಜು. ಸೇಫ್ಟಿ ಶೂ ಇಲ್ಲದೆ ಶಾಪ್ ಫ್ಲೋರಿಗೆ ಬಿಡುವಂತಿಲ್ಲ. ಮೊದಲೆಲ್ಲ ಸೇರಿದ ದಿನ ಸೈಜು ಕೇಳುತ್ತಿದ್ದೆವು. ಸ್ಟೋರಿನಲ್ಲಿ ಆರನೇ ನಂಬರ್ ಇರುತ್ತಿರಲಿಲ್ಲ. ಒಬ್ಬ ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಎಂಟನೇ ನಂಬರಿನಲ್ಲಿ ಮೂರು ದಿನ ಕಾಲೆಳೆದ. ಈಗ ಕೆಲಸ ಖಾತ್ರಿಯಾದ ದಿನವೇ ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತೇವೆ. ಸೋಮವಾರ ಕಾಗದಪತ್ರ ಮತ್ತು ಬೆರಳಚ್ಚು. ಮಂಗಳವಾರ ಕಾರ್ಖಾನೆ ಸುತ್ತುವುದು. ಇದರಲ್ಲಿ ಒಂದು ಸಣ್ಣ ಉಪಾಯವಿದೆ: ಮೊದಲ ಸುತ್ತು ನಾವು ತೋರಿಸುತ್ತೇವೆ, ಎರಡನೇ ಸುತ್ತು ಅವನು ನಮಗೆ ತೋರಿಸಬೇಕು. ಕೆಂಪು ಎಮರ್ಜೆನ್ಸಿ ಸ್ಟಾಪ್ ಬಟನ್ ಎಲ್ಲಿ, ಬೆಂಕಿ ಬಿದ್ದರೆ ಎಲ್ಲಿ ಸೇರಬೇಕು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿ. ತಲೆಯಾಡಿಸಿ ‘ಗೊತ್ತಾಯ್ತು ಸಾರ್’ ಎಂದವರಲ್ಲಿ ಎಷ್ಟೋ ಜನ ಈ ಎರಡನೇ ಸುತ್ತಿನಲ್ಲಿ ತಡವರಿಸುತ್ತಾರೆ. ಬುಧವಾರದಿಂದ ಒಬ್ಬ ಜೊತೆಗಾರನ ಪಕ್ಕ ನಿಲ್ಲಿಸುತ್ತೇವೆ. ಜೊತೆಗಾರ ಸೂಪರ್‌ವೈಸರ್ ಆಗಿರಬಾರದು, ಸೇರಿ ಎರಡು ಮೂರು ವರ್ಷವಾದ ಆಪರೇಟರ್ ಆದರೆ ಸರಿ. ಹದಿನೈದು ವರ್ಷದ ಅನುಭವಸ್ಥನಿಗೆ ತಾನು ಹೊಸಬನಾಗಿದ್ದಾಗ ಏನು ತಿಳಿಯುತ್ತಿರಲಿಲ್ಲ ಎಂಬುದೇ ಮರೆತುಹೋಗಿರುತ್ತದೆ.

ನಿಯಮಗಳಿಗೆ ಕಾರಣವನ್ನೂ ಸೇರಿಸಿ ಬರೆದದ್ದು ಇನ್ನೊಂದು ಬದಲಾವಣೆ. ‘ಲೇತ್ ಬಳಿ ಕೈಗವಸು ನಿಷೇಧ’ ಎಂದಷ್ಟೇ ಬರೆದರೆ ಓದಿದವನಿಗೆ ವಿಚಿತ್ರ ಅನಿಸುತ್ತದೆ, ಕೈಗವಸು ಇರುವುದೇ ರಕ್ಷಣೆಗಲ್ಲವೇ? ತಿರುಗುವ ಚಕ್‌ಗೆ ಅದರ ತುದಿ ಸಿಕ್ಕಿದರೆ ಬಟ್ಟೆಯ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ ಎಂದು ಬರೆದ ಮೇಲೆ ವಾದ ನಿಂತಿತು. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರಕ್ಕೂ ಇದೇ ಮಾತು. ಬಿಚ್ಚು ಎಂದರೆ ಮನಸ್ಸಿಗೆ ನೋವಾಗುತ್ತದೆ. ಮಷೀನಿನ ಹತ್ತಿರ ಹೋಗುವವರು ಬಿಚ್ಚಿ ಲಾಕರಿನಲ್ಲಿಡಿ ಎಂದು ಬರೆದು, ಕಾರಣವನ್ನೂ ಹೇಳಿದೆವು. ಕೆಲವರು ದೇವರ ಪಟದ ಮುಂದೆ ಇಟ್ಟು ಹೋಗುತ್ತಾರೆ.

ಯಾರನ್ನು ಕೇಳಬೇಕು ಎನ್ನುವಷ್ಟೇ ಮುಖ್ಯ, ಯಾರನ್ನು ಕೇಳಬೇಕಾಗಿಲ್ಲ ಎನ್ನುವುದು. ಹಳೆಯ ಪುಸ್ತಕದಲ್ಲಿ ‘ಯಾವುದೇ ಸಮಸ್ಯೆಯಿದ್ದರೂ ಮೊದಲು ನಿಮ್ಮ ಸೂಪರ್‌ವೈಸರ್ ಗಮನಕ್ಕೆ ತನ್ನಿ’ ಎಂದಿತ್ತು. ಸಮಸ್ಯೆ ಸೂಪರ್‌ವೈಸರೇ ಆಗಿದ್ದರೆ? ಹೊಸದರಲ್ಲಿ ಮೂರು ವಿಷಯಗಳನ್ನು ದಪ್ಪ ಅಕ್ಷರದಲ್ಲಿ ಬಿಡಿಸಿ ಬರೆದಿದ್ದೇವೆ: ಗಾಯವಾದರೆ, ಕೆಲಸ ಕೊಡಿಸಿದ್ದಕ್ಕೆ ಯಾರಾದರೂ ದುಡ್ಡು ಕೇಳಿದರೆ, ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ಯಾರ ಅಪ್ಪಣೆಯೂ ಬೇಡ. 2013ರ ಕಾಯ್ದೆಯ ಪ್ರಕಾರ ಹತ್ತು ಜನರಿಗಿಂತ ಕಡಿಮೆಯಿಲ್ಲದ ಪ್ರತಿ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಮಹಿಳೆಯದೇ ಆಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಅವಧಿ. ಹೊರಗಿನ ಸದಸ್ಯೆಯ ನಂಬರನ್ನೂ ಹಾಕಿದ್ದಕ್ಕೆ ನಮ್ಮ ಮ್ಯಾನೇಜರ್ ಒಬ್ಬರು ಮುಖ ಸಿಂಡರಿಸಿದರು. ಒಳಗಿನವರಿಗೆ ಹೇಳಲು ಹೆದರುವವಳಿಗೇ ತಾನೆ ಆ ನಂಬರ್ ಬೇಕಾಗುವುದು? ಉಳಿಸಿಕೊಂಡೆವು.

ಶನಿವಾರ ಮಧ್ಯಾಹ್ನ ಹೊಸಬರ ಜೊತೆ ಕಾಲು ಗಂಟೆ ಕೂರುತ್ತೇನೆ. ಕೈಪಿಡಿಯ ಹನ್ನೆರಡನೇ ಪುಟ ಖಾಲಿ. ಈ ವಾರ ಉತ್ತರ ಸಿಗದ ಪ್ರಶ್ನೆಗಳನ್ನು ಅವರು ಅಲ್ಲಿ ಬರೆದು ತರಬೇಕು. ಅದನ್ನು ಹರಿದು ಇಟ್ಟುಕೊಂಡು, ಮುಂದಿನ ಸಲ ಅಚ್ಚಿಗೆ ಕೊಡುವಾಗ ಸೇರಿಸುತ್ತೇವೆ. ಹೋದ ತಿಂಗಳು ಸಿಎನ್‌ಸಿ ವಿಭಾಗಕ್ಕೆ ಸೇರಿದವನು ಬರೆದಿದ್ದು ಒಂದೇ ಸಾಲು: “ಸೆಕೆಂಡ್ ಶಿಫ್ಟ್ ಬಿಟ್ಟಮೇಲೆ ಬಸ್ ಬರೋತನಕ ಎಲ್ಲಿ ಕೂತ್ಕೋಬೇಕು?” ಯಾರನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಕೊನೆಗೆ ಗೇಟಿಗೆ ಹೋದೆ. ತಮ್ಮ ಕೋಣೆಯ ಪಕ್ಕ ಇದ್ದ ಹಳೆಯ ಬೆಂಚನ್ನು ಅವರು ಅದಾಗಲೇ ಒರೆಸಿ ಇಟ್ಟಿದ್ದರು.