ಒಂದು ವಿಳಾಸದ ಮೇಲ್‌ಗೆ ಒಂದು ಕರೆಗಂಟೆ

ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇಡಬೇಕು. ಔಷಧ ವಿತರಕರೊಬ್ಬರ ಗೋದಾಮಿನಲ್ಲಿ ಅಂಥ ಒಂದು ಶೀತಕೊಠಡಿ ಇದೆ ಎಂದುಕೊಳ್ಳಿ. ತಾಪಮಾನ 8 ದಾಟಿದ ಕೂಡಲೇ ಅಲ್ಲಿನ ಸೆನ್ಸರ್ `alerts@example.com` ವಿಳಾಸದಿಂದ ಒಂದು ಮೇಲ್ ಕಳಿಸುತ್ತದೆ. ಆದರೆ ಆ ಮೇಲ್ ಬಿಲ್ಲು, ಕೊಟೇಶನ್‌ಗಳ ನಡುವೆ ಬಂದು ಕೂರುತ್ತದೆ. ಗೋದಾಮಿನವರು ದಿನವಿಡೀ ನೋಡುವುದು ಮೇಲ್ ಅಲ್ಲ, ಮೈಕ್ರೋಸಾಫ್ಟ್ ಟೀಮ್ಸ್‌ನ ಚಾನೆಲ್. ಹಾಗಾಗಿ ಆ ಮೇಲ್ ಬಂದ ತಕ್ಷಣ ಸುದ್ದಿ ಚಾನೆಲ್‌ಗೂ ತಲುಪಬೇಕು.

ಇದಕ್ಕೆ ಪ್ರೋಗ್ರಾಮರ್ ಬೇಕಿಲ್ಲ. 2019ರವರೆಗೆ ಮೈಕ್ರೋಸಾಫ್ಟ್ ಫ್ಲೋ ಎಂಬ ಹೆಸರಿದ್ದ ಪವರ್ ಆಟೊಮೇಟ್‌ನಲ್ಲಿ ಎರಡೇ ಪೆಟ್ಟಿಗೆಗಳನ್ನು ಜೋಡಿಸಿದರೆ ಸಾಕು. ಮೊದಲನೆಯದು ಔಟ್‌ಲುಕ್‌ನ `When a new email arrives (V3)`. ಅದರ `From` ಜಾಗದಲ್ಲಿ ಸೆನ್ಸರ್‌ನ ವಿಳಾಸ ಬರೆದರೆ ಬೇರೆ ಯಾರ ಮೇಲ್‌ಗೂ ಫ್ಲೋ ಓಡುವುದಿಲ್ಲ. ಎರಡನೆಯದು ಟೀಮ್ಸ್‌ನ `Post message in a chat or channel`. ಅಲ್ಲಿ ತಂಡ, ಚಾನೆಲ್ ಎರಡನ್ನೂ ಆರಿಸಿ, ಸಂದೇಶದ ಜಾಗದಲ್ಲಿ ಮೇಲ್‌ನ ವಿಷಯದ ಸಾಲು ಮತ್ತು `Body Preview` ಹಾಕಬೇಕು. `Body` ಎಂಬುದನ್ನು ನೇರವಾಗಿ ಹಾಕುವುದು ಬೇಡ. ಅದು ಎಚ್‌ಟಿಎಂಎಲ್ ರೂಪದಲ್ಲಿರುವುದರಿಂದ ಮೇಲ್‌ನ ಲೋಗೊ, ಕೋಷ್ಟಕ, ಅಡಿಬರಹವೆಲ್ಲ ಚಾನೆಲ್‌ಗೆ ಬಂದು ಬೀಳುತ್ತವೆ. ಪ್ರಿವ್ಯೂನಲ್ಲಿ ಮೊದಲ 255 ಅಕ್ಷರಗಳಷ್ಟೇ ಇರುತ್ತವೆ. ಎಚ್ಚರಿಕೆಗೆ ಅಷ್ಟು ಧಾರಾಳವಾಯಿತು.

ಸಮಯವನ್ನೂ ತೋರಿಸಬೇಕೆಂದರೆ ನಡುವೆ ಮೂರನೆಯ ಪೆಟ್ಟಿಗೆ ಬೇಕಾಗುತ್ತದೆ. ಮೇಲ್ ಬಂದ ಹೊತ್ತನ್ನು ಫ್ಲೋ ಜಾಗತಿಕ ಸಮಯದಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿನ ಲೆಕ್ಕದಲ್ಲಿ ಹೇಳುತ್ತದೆ. ನಸುಕಿನ 3 ಗಂಟೆಗೆ ಕೊಠಡಿ ಬಿಸಿಯಾದರೆ ಚಾನೆಲ್‌ನಲ್ಲಿ ಹಿಂದಿನ ರಾತ್ರಿ 9.30 ಎಂದು ಕಾಣುತ್ತದೆ. ಲಸಿಕೆ ಎಷ್ಟು ಹೊತ್ತು ಬಿಸಿಯಲ್ಲಿತ್ತು ಎಂದು ಲೆಕ್ಕ ಹಾಕುವವರಿಗೆ ಇದು ಸಣ್ಣ ತಪ್ಪಲ್ಲ. `Convert time zone` ಎಂಬ ಪೆಟ್ಟಿಗೆ ಇದನ್ನು ಭಾರತೀಯ ಕಾಲಮಾನಕ್ಕೆ ತಿರುಗಿಸಿಕೊಡುತ್ತದೆ.

ಇಷ್ಟಾದ ಮೇಲೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಬೇರೆಯೇ ಇದೆ. ಫ್ಲೋ ತಪ್ಪಾಗಿ ಓಡಿದರೆ ನಮಗೆ ತಿಳಿಯುತ್ತದೆ. ಓಡದೇ ಹೋದರೆ ತಿಳಿಯುವುದಿಲ್ಲ. ಚಾನೆಲ್ ಸುಮ್ಮನಿದ್ದರೆ ಕೊಠಡಿ ತಣ್ಣಗಿದೆ ಎಂದೇ ಎಲ್ಲರೂ ಭಾವಿಸುತ್ತಾರೆ.

ಹೀಗಾಗಲು ತೀರಾ ಸಾಮಾನ್ಯವಾದ ಕಾರಣ ಫೋಲ್ಡರ್. ಆ ಮೊದಲ ಪೆಟ್ಟಿಗೆ ನಾವು ಹೇಳಿದ ಒಂದೇ ಫೋಲ್ಡರನ್ನು ಕಾಯುತ್ತದೆ; ಏನೂ ಹೇಳದಿದ್ದರೆ ಇನ್‌ಬಾಕ್ಸನ್ನು. ಒಂದು ದಿನ ಮೇಲ್ ಖಾತೆಯವರು ಅಚ್ಚುಕಟ್ಟಾಗಿರಲಿ ಎಂದು ಸೆನ್ಸರ್ ಮೇಲ್‌ಗಳೆಲ್ಲ ‘ಶೀತಕೊಠಡಿ’ ಎಂಬ ಫೋಲ್ಡರಿಗೆ ಹೋಗುವಂತೆ ಔಟ್‌ಲುಕ್‌ನಲ್ಲಿ ಒಂದು ರೂಲ್ ಹಾಕುತ್ತಾರೆ. ಅಂದಿನಿಂದ ಫ್ಲೋಗೆ ಆ ಮೇಲ್‌ಗಳು ಕಾಣುವುದೇ ಇಲ್ಲ. ಜಂಕ್‌ಗೆ ಹೋದ ಮೇಲ್‌ನ ಗತಿಯೂ ಇದೇ. ಪತ್ತೆ ಹಚ್ಚುವುದು ಸುಲಭ: ಫ್ಲೋನ ಪುಟದಲ್ಲಿ ಕಳೆದ 28 ದಿನಗಳ ಓಟದ ಪಟ್ಟಿ ಇರುತ್ತದೆ. ಮೇಲ್ ಬಂದಿದ್ದರೂ ಪಟ್ಟಿಯಲ್ಲಿ ಆ ಹೊತ್ತಿನ ಸಾಲೇ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಫೋಲ್ಡರ್ ಮತ್ತು ವಿಳಾಸ. ಸಾಲು ಇದ್ದು ಕೆಂಪಾಗಿದ್ದರೆ ದೋಷ ಟೀಮ್ಸ್ ಕಡೆಯದು. ಚಾನೆಲ್ ಅಳಿಸಿರಬಹುದು, ಇಲ್ಲವೇ ಲಾಗಿನ್ ಮುಗಿದಿರಬಹುದು.

ಲಾಗಿನ್‌ನದೂ ದೊಡ್ಡ ಕಥೆಯೇ. ಫ್ಲೋ ಅದನ್ನು ಕಟ್ಟಿದವರ ಖಾತೆಯ ಸಂಪರ್ಕದ ಮೇಲೆ ಓಡುತ್ತದೆ. ಅವರು ಪಾಸ್‌ವರ್ಡ್ ಬದಲಿಸಿದರೆ ಸಂಪರ್ಕ ಕಡಿಯಬಹುದು; ಕೆಲಸ ಬಿಟ್ಟು ಖಾತೆ ಮುಚ್ಚಿದರಂತೂ ಫ್ಲೋ ನಿಂತೇ ಹೋಗುತ್ತದೆ. ಇನ್ನೊಬ್ಬರನ್ನು ಸಹ-ಮಾಲೀಕರಾಗಿ ಸೇರಿಸಿದರೆ ಅವರು ತಮ್ಮ ಸಂಪರ್ಕ ಕೊಟ್ಟು ಮತ್ತೆ ಓಡಿಸಬಹುದು. ಎಚ್ಚರಿಕೆಯ ಮೇಲ್‌ಗಳು ಯಾರದೋ ಸ್ವಂತ ವಿಳಾಸಕ್ಕೆ ಬರುವ ಬದಲು ಹಂಚಿಕೆಯ ಮೇಲ್‌ಬಾಕ್ಸ್‌ಗೆ ಬಂದರೆ ಒಳ್ಳೆಯದು. ಅದಕ್ಕೆ ಬೇರೆಯದೇ ಟ್ರಿಗರ್ ಇದೆ.

ಮೌನವನ್ನು ಅಳೆಯುವ ಉಪಾಯವೂ ಒಂದಿದೆ, ನನಗೆ ತುಂಬ ಹಿಡಿಸಿದ್ದು. ದಿನಕ್ಕೊಂದು ವರದಿ ಕಳಿಸುವ ಸೌಲಭ್ಯ ಸೆನ್ಸರ್‌ನಲ್ಲಿದ್ದರೆ, ಅದೇ ವಿಳಾಸದಿಂದ ಬೆಳಗ್ಗೆ 9ಕ್ಕೆ ವರದಿ ಬರುವಂತೆ ಮಾಡಿಸಿ. ಅದೂ ಇದೇ ಫ್ಲೋ ಮೂಲಕವೇ ಚಾನೆಲ್‌ಗೆ ಬರಲಿ. ಪಾಳಿ ಶುರುಮಾಡುವವರು ಹಾಜರಿ ಹಾಕುವಾಗಲೇ ಆ ಸಾಲು ಬಂದಿದೆಯೇ ಎಂದು ನೋಡಲಿ. ಬಂದಿಲ್ಲವೆಂದರೆ ಸೆನ್ಸರ್, ಮೇಲ್, ಫ್ಲೋ ಈ ಮೂರರಲ್ಲಿ ಎಲ್ಲೋ ಕೊಂಡಿ ಕಳಚಿದೆ. ಆಗ ಕೊಠಡಿಗೇ ಹೋಗಿ ಥರ್ಮಾಮೀಟರ್ ನೋಡಬೇಕು. ಎಲ್ಲ ಸರಿಯಿದ್ದಾಗಲೂ ಈ ಟ್ರಿಗರ್ ಕೆಲವೊಮ್ಮೆ ತಡವಾಗಿ ಓಡುವುದುಂಟು. ಆದ್ದರಿಂದ ಕೊಠಡಿ ಬಾಗಿಲ ಮೇಲಿನ ಸೈರನ್ ತೆಗೆಯಬೇಡಿ.